ಪ್ರಾಂಶುಪಾಲರ ಪರಿಚಯ ಪುಟ: ಹೊಸ ದರದ ಬಗ್ಗೆ ನಮ್ಮ ಗ್ರಾಹಕ ಶಾಲೆಗಳಿಗೆ

ಮಾನ್ಯರೇ,

ಶಾಲಾ ಜಾಲತಾಣಕ್ಕೆ ಪ್ರಾಂಶುಪಾಲರ ಪರಿಚಯ ಬರೆದುಕೊಡುವ ದರ ಜೂನ್ 1ರಿಂದ 1,800 ರೂಪಾಯಿಯಿಂದ 2,600ಕ್ಕೆ ಏರಿದೆ. ಇನ್ನು ಮುಂದೆ ದಾಖಲೆ ನೋಡದೆ ಬರೆಯುವುದೂ ಇಲ್ಲ. ಮೊದಲೇ ತಿಳಿಸದೆ ಬಿಲ್ಲಿನಲ್ಲಿ ಏರಿಸಿದ್ದು ನಮ್ಮದೇ ತಪ್ಪು, ಕ್ಷಮಿಸಿ. ಆದರೆ ಹೆಚ್ಚಿದ 800 ರೂಪಾಯಿ ನಮ್ಮ ಜೇಬಿಗೆ ಬೀಳುತ್ತಿಲ್ಲ. ಮಳೆಗಾಲದಲ್ಲಿ ಫೋನ್ ಸಿಗದೆ ವಿರಾಜಪೇಟೆ, ಸೋಮವಾರಪೇಟೆ ಕಡೆಗೆ ಎರಡೆರಡು ಸಲ ಹೋಗಿಬರುವ ಖರ್ಚಿಗೇ ಅದು ಸರಿಹೋಗುತ್ತದೆ.

‘ಬಯೋಡಾಟಾ ಕೊಟ್ಟಿದ್ದೇವಲ್ಲ, ಅರ್ಧ ಪುಟಕ್ಕೆ ಎರಡು ವಾರ ಬೇಕೇ?’ ಈ ಮಾತು ತುಂಬ ಕಡೆ ಕೇಳಿದೆವು.

ಬಯೋಡಾಟಾದಲ್ಲಿ ‘28 ವರ್ಷಗಳ ನೇತೃತ್ವ’ ಎಂದಿದೆ ಎನ್ನಿ. ನೇಮಕದ ಆದೇಶ ತೆಗೆದು ನೋಡಿದರೆ 1997ರಲ್ಲಿ ಸೇರಿದ್ದು ಸಹಶಿಕ್ಷಕರಾಗಿ, ಪ್ರಾಂಶುಪಾಲರಾದದ್ದು 2014ರಲ್ಲಿ. ನೇತೃತ್ವದ ಲೆಕ್ಕ 2014ರಿಂದಲೇ. ಮೊದಲಿನ 17 ವರ್ಷ ಪಾಠ ಮಾಡಿದ ಅನುಭವ, ಅದನ್ನು ಹಾಗೆಯೇ ಬರೆದರೆ ಸಾಕು, ಅದೇನು ಕಡಿಮೆಯದಲ್ಲ. ‘ಇಷ್ಟು ವರ್ಷಗಳಿಂದ’ ಎಂದು ಹಾಕಿದರೆ ಮುಂದಿನ ವರ್ಷಕ್ಕೆ ಸುಳ್ಳಾಗುತ್ತದೆ. ಅದಕ್ಕೇ ‘2014ರಿಂದ’ ಎಂದು ಬರೆಯುತ್ತೇವೆ. ಹಳೆಯ ವಿದ್ಯಾರ್ಥಿಗಳೇ ಇಂದು ಪೋಷಕರಾಗಿರುವ ಊರುಗಳಿವು, ತಪ್ಪು ಕಣ್ಣಿಗೆ ಬೀಳಲು ಹೊತ್ತಾಗುವುದಿಲ್ಲ. ಸಿಬಿಎಸ್ಇ ಶಾಲೆಯಾದರೆ ಕಡ್ಡಾಯ ಮಾಹಿತಿ ಪುಟದಲ್ಲೂ ಪ್ರಾಂಶುಪಾಲರ ವಿದ್ಯಾರ್ಹತೆ ಇರುತ್ತದೆ. ಪರಿಚಯದಲ್ಲಿ ಒಂದು ಪದವಿ, ಅಲ್ಲೊಂದು ಪದವಿ ಇದ್ದರೆ ಉತ್ತರ ಹೇಳಬೇಕಾದವರು ನೀವೇ.

ಫಲಿತಾಂಶದ್ದೂ ಇದೇ ಕಥೆ. ‘ಶೇ. 100’ ಎಂದರೆ ಸಾಲದು, ಪರೀಕ್ಷೆ ಬರೆದ ಮಕ್ಕಳು ಎಷ್ಟು? 18ರಲ್ಲಿ 18 ಎಂದರೆ ಓದುವವರಿಗೆ ತಿಳಿಯುತ್ತದೆ. ಎಸ್ಸೆಸ್ಸೆಲ್ಸಿಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ 15 ಮಕ್ಕಳು, ಎರಡನೆಯದರಲ್ಲಿ ಉಳಿದ ಮೂವರು ಪಾಸಾಗಿದ್ದರೆ ಅದನ್ನೂ ಬರೆಯಬೇಕು. ಆ ಮೂವರಿಗೆ ನಡುವೆ ಏನು ಪಾಠ ಮಾಡಿದಿರಿ ಎಂಬ ಎರಡು ಸಾಲೇ ನಿಮ್ಮ ‘ಶೈಕ್ಷಣಿಕ ದೃಷ್ಟಿ’. ದೂರದೃಷ್ಟಿ, ಸರ್ವಾಂಗೀಣ ಅಭಿವೃದ್ಧಿ ಎಂಬ ಪದಗಳನ್ನು ನಾವು ಕೈಬಿಟ್ಟು ಬಹಳ ದಿನವಾಯಿತು.

ಹೆಚ್ಚು ಹೊತ್ತು ಹಿಡಿಯುವುದು ಊರಿನ ವಿಶ್ವಾಸದ ಭಾಗ. ‘ಎಲ್ಲರ ಮೆಚ್ಚುಗೆ ಗಳಿಸಿದ್ದಾರೆ’ ಎಂದು ಯಾರು ಬೇಕಾದರೂ ಬರೆಯಬಹುದು. ಮಳೆ ರಜೆಯ ಸಂದೇಶ ಬೆಳಿಗ್ಗೆ ಎಷ್ಟು ಗಂಟೆಗೆ ಹೋಗುತ್ತದೆ, ಕಳೆದುಹೋದ ಪಾಠವನ್ನು ಯಾವ ಶನಿವಾರಗಳಲ್ಲಿ ತುಂಬುತ್ತಾರೆ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಲೈನ್‌ಮನೆ ಮಕ್ಕಳ ಹಾಜರಿ ಇಳಿದರೆ ಯಾರು ಹೋಗಿ ಕರೆತರುತ್ತಾರೆ: ಇವನ್ನು ಹಾಜರಿ ಪುಸ್ತಕ ನೋಡಿ, ಇಬ್ಬರು ಪೋಷಕರನ್ನು ಕೇಳಿಯೇ ಬರೆಯುತ್ತೇವೆ. ಎರಡು ವಾರ ಹೋಗುವುದು ಇಲ್ಲಿಯೇ.

ಹೊಸಬರು ನೇಮಕ ಆದೇಶ, ಪದವಿ ಪ್ರಮಾಣಪತ್ರ, ಮೂರು ವರ್ಷದ ಫಲಿತಾಂಶ ಪಟ್ಟಿ ಮೊದಲೇ ಕಳಿಸಿದರೆ ಒಂದು ಓಡಾಟ ತಪ್ಪುತ್ತದೆ, ಬಿಲ್ಲಿನಲ್ಲಿ 400 ರೂಪಾಯಿ ಕಳೆಯುತ್ತೇವೆ. ಚಿತ್ರದಲ್ಲಿ ಮಕ್ಕಳಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಜೊತೆಗಿರಲಿ. ಮೇ ತಿಂಗಳೊಳಗೆ ಮುಂಗಡ ಕೊಟ್ಟವರಿಗೆ ಹಳೆಯ ದರವೇ. ಹೆಚ್ಚು ತೆಗೆದುಕೊಂಡಿದ್ದರೆ ಫೋನ್ ಮಾಡಿ, ಅಂದೇ ವಾಪಸ್ ಕಳಿಸುತ್ತೇವೆ.

ಇಂತಿ ನಿಮ್ಮ,
ಬರವಣಿಗೆ ವಿಭಾಗ, ಮಡಿಕೇರಿ