ಉಸಿರು ಪೂರ್ತಿ ಖಾಲಿ ಮಾಡಬೇಡ

ಚಿ. ಅನಘಾಳಿಗೆ ಮಾವನ ಆಶೀರ್ವಾದಗಳು.

ನಾಗೋಯಾದಲ್ಲಿ ಆಫೀಸಿಗೆ ಹತ್ತಿರವೇ ಶೋಟೋಕಾನ್ ಶೈಲಿಯ ಕರಾಟೆ ಕಲಿಸುವ ಡೋಜೋ, ಅಂದರೆ ಅಭ್ಯಾಸಶಾಲೆ ಸಿಕ್ಕಿದೆ, ಮುಂದಿನ ವಾರ ಸೇರುತ್ತೇನೆ ಎಂದು ಬರೆದಿದ್ದೀಯ. ಗುದ್ದುವುದು, ಒದೆಯುವುದು ಅವರು ಕಲಿಸುತ್ತಾರೆ. ರೀತಿನೀತಿಯನ್ನು ಮಾತ್ರ ಕೂರಿಸಿಕೊಂಡು ಹೇಳುವುದು ಕಡಿಮೆ, ಪಕ್ಕದವರನ್ನು ನೋಡಿಯೇ ಕಲಿಯಬೇಕು. ಅದಕ್ಕೇ ಈ ಕಾಗದ.

ಬಾಗಿಲಲ್ಲಿ ಶೂ ಬಿಟ್ಟು, ಅದರ ಮೂತಿ ಹೊರಗೆ ಬರುವಂತೆ ತಿರುಗಿಸಿ ಇಡು. ಒಳಗೆ ಕಾಲಿಡುವಾಗ ಶೋಮೆನ್, ಅಂದರೆ ಡೋಜೋದ ಮುಂಗೋಡೆಯ ಕಡೆಗೆ ಒಮ್ಮೆ ಬಾಗು. ಶೋಟೋಕಾನ್ ಡೋಜೋಗಳಲ್ಲಿ ಸಾಮಾನ್ಯವಾಗಿ ಅಲ್ಲಿ ಆ ಶೈಲಿಯ ಸ್ಥಾಪಕ ಫುನಾಕೋಶಿ ಗಿಚಿನ್ ಅವರ ಪಟ ಇರುತ್ತದೆ. ಅಭ್ಯಾಸದ ನಡುವೆ ಬೆಲ್ಟ್ ಸಡಿಲವಾದರೆ ಶೋಮೆನ್‌ಗೆ ಮುಖ ಮಾಡಿ ಕಟ್ಟಿಕೊಳ್ಳಬೇಡ, ಹಿಂದಕ್ಕೆ ತಿರುಗಿ ಸರಿಮಾಡಿಕೊ. ತಡವಾಗಿ ಹೋದೆಯೋ, ನೇರ ಹೋಗಿ ಸಾಲಿಗೆ ನುಗ್ಗಬೇಡ. ಬಾಗಿಲ ಬಳಿ ಮಂಡಿಯೂರಿ ಕೂತು ಕಾಯಿ. ಸೆನ್ಸೇ, ಅಂದರೆ ಗುರುಗಳು ತಲೆಯಾಡಿಸಿದ ಮೇಲೆ ಬಾಗಿ, ಎದ್ದು, ಸಾಲಿನ ಕೊನೆಗೆ ಸೇರು.

ಮಂಡಿಯೂರುವುದಕ್ಕೂ ಕ್ರಮವಿದೆ. ಕೂರುವಾಗ ಎಡಮಂಡಿ ಮೊದಲು, ಏಳುವಾಗ ಬಲಪಾದ ಮೊದಲು. ಕತ್ತಿ ಎಡಸೊಂಟದಲ್ಲಿರುತ್ತಿದ್ದ ಕಾಲದ ರೂಢಿ ಎಂದು ಇದಕ್ಕೆ ಕಾರಣ ಕೊಡುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಮೌನ, ಅದು ಮೊಕುಸೋ. ನಂತರ ಮೂರು ನಮಸ್ಕಾರ: ಶೋಮೆನ್‌ಗೆ, ಸೆನ್ಸೇಗೆ, ಕೊನೆಗೆ ಪರಸ್ಪರ. ಸೆನ್ಸೇ ತಲೆ ಎತ್ತುವ ಮೊದಲು ನೀನು ಎತ್ತಬಾರದು. ಪಾದ ಮುಟ್ಟುವ ನಮ್ಮ ಪದ್ಧತಿಯನ್ನು ಅಲ್ಲಿಗೆ ಒಯ್ಯಬೇಡ, ಪಾಪ, ಅವರಿಗೆ ಮುಜುಗರವಾಗುತ್ತದೆ.

ಅವರನ್ನು ಬರೀ ‘ಸೆನ್ಸೇ’ ಎನ್ನಬಹುದು, ಇಲ್ಲವೇ ಮನೆತನದ ಹೆಸರಿನ ನಂತರ ಸೇರಿಸಿ ‘ತನಾಕಾ ಸೆನ್ಸೇ’ ಅನ್ನುವ ಹಾಗೆ ಕರೆಯಬಹುದು. ಅದರ ಮೇಲೆ ಗೌರವಕ್ಕೆ ಸೇರಿಸುವ ‘ಸಾನ್’ ಬೇಡ. ಮುಂದೆ ನೀನೇ ಮಕ್ಕಳಿಗೆ ಕಲಿಸುವ ದಿನ ಬಂದರೂ ನಿನ್ನನ್ನು ನೀನೇ ಸೆನ್ಸೇ ಎಂದುಕೊಳ್ಳುವ ಹಾಗಿಲ್ಲ. ಅವರು ತಪ್ಪು ತಿದ್ದಿದಾಗ ‘ಹಾಯ್’, ಅಂದರೆ ಜಪಾನಿಯಲ್ಲಿ ‘ಹೌದು’ ಎಂದು ಹೇಳಿ ಹಾಗೇ ಮಾಡು. ಯಾಕೆ, ಏನು ಎಂಬ ಪ್ರಶ್ನೆ ತರಗತಿ ಮುಗಿದ ಮೇಲಿರಲಿ. ಪಕ್ಕದವನ ತಪ್ಪು ಕಣ್ಣಿಗೆ ಬಿದ್ದರೂ ಬಾಯಿ ಬಿಡಬೇಡ, ತಿದ್ದುವುದು ಸೆನ್ಸೇಯ ಕೆಲಸ. ಅಲ್ಲಿ ‘ಓಸ್’ ಎನ್ನುವುದು ಕಿವಿಗೆ ಬಿದ್ದರೆ ಉಳಿದವರು ಅನ್ನುವ ಕಡೆಯಷ್ಟೇ ಅನ್ನು. ಅದು ಒರಟು ಗಂಡುಮಾತು, ಅಪ್ಪಿತಪ್ಪಿಯೂ ಆಫೀಸಿನಲ್ಲಿ ಮೇಲಧಿಕಾರಿಗೆ ಅನ್ನಬೇಡ.

ಇಷ್ಟೆಲ್ಲ ಮೌನದ ನಡುವೆ ಗಟ್ಟಿಯಾಗಿ ಕೂಗಲೇಬೇಕಾದ ಜಾಗವೂ ಇದೆ, ಅದೇ ಕಿಯಾಯ್. ಹೊಸಬರು ಸಂಕೋಚಕ್ಕೆ ಕೂಗುವುದಿಲ್ಲ, ಇಲ್ಲವೇ ‘ಕಿಯಾಯ್’ ಎಂಬ ಶಬ್ದವನ್ನೇ ಕೂಗುತ್ತಾರೆ. ಎರಡೂ ಸರಿಯಲ್ಲ. ‘ಏಯ್’, ‘ಯಾ’ ಎಂಬಂಥ ಗಿಡ್ಡ ಸದ್ದು ಸಾಕು. ಹೊಕ್ಕುಳಿಂದ ಮೂರು ಬೆರಳು ಕೆಳಗೆ ಅಂಗೈ ಇಟ್ಟು ಕೂಗಿ ನೋಡು: ಆ ಜಾಗ ಬಿಗಿಯಾಗಿ ಕೈಗೆ ಒತ್ತಿದರೆ ಉಸಿರು ಸರಿಯಾದ ಕಡೆಯಿಂದ ಬರುತ್ತಿದೆ. ಭುಜ ಮೇಲೇರಿ ಮಾರನೇ ದಿನ ಗಂಟಲು ಕಟ್ಟಿತೋ, ಗಂಟಲಿಂದ ಕೂಗಿದ್ದೀಯ ಎಂದು ತಿಳಿ.

ನೀನು ಮೊದಲು ಕಲಿಯುವ ಕಾಟಾಗಳಲ್ಲಿ, ಅಂದರೆ ಕ್ರಮವಾಗಿ ಜೋಡಿಸಿದ ಚಲನೆಗಳ ಸರಣಿಗಳಲ್ಲಿ, ಹೇಯಾನ್ ಶೋದಾನ್ ಒಂದು. 21 ಚಲನೆಗಳ ಆ ಕಾಟಾದಲ್ಲಿ ಕಿಯಾಯ್ ಎರಡೇ ಕಡೆ. ಮೊದಲನೆಯದು 9ನೇ ಚಲನೆಯಲ್ಲಿ, ಸಾಲಾಗಿ ಬರುವ ಮೂರು ಆಗೆ-ಉಕೆ, ಅಂದರೆ ಮುಂಗೈಯನ್ನು ಹಣೆಯ ಮೇಲಕ್ಕೆತ್ತುವ ತಡೆಗಳಲ್ಲಿ ಕೊನೆಯದರ ಮೇಲೆ. ಎರಡನೆಯದು 17ನೆಯದರಲ್ಲಿ, ವಾಪಸು ಬರುವಾಗಿನ ಮೂರನೇ ಗುದ್ದಿನ ಮೇಲೆ. ಕೈ ನಿಲ್ಲುವುದೂ ಸದ್ದು ನಿಲ್ಲುವುದೂ ಒಂದೇ ಕ್ಷಣಕ್ಕೆ ಆಗಬೇಕು. ಕೈ ನಿಂತ ಮೇಲೆ ಕೂಗು ಬಂದರೆ ಅದು ಗುದ್ದಿಗೆ ಸೇರುವುದೇ ಇಲ್ಲ, ಬರೀ ಗದ್ದಲ.

ಹೆಚ್ಚಿನವರು ಕೆಡುವುದು 9ರಲ್ಲಲ್ಲ, 10ರಲ್ಲಿ. ಬಲಗೈ ತಡೆ ಮೇಲಿರುವಾಗಲೇ ಬಲಗಾಲಿನ ಮೇಲೆ ಎಡಕ್ಕೆ 270 ಡಿಗ್ರಿ ಸುತ್ತಿ, ಕೆಳಕ್ಕೆ ತಡೆ ಹಾಕಬೇಕು. ಕಿಯಾಯ್‌ನಲ್ಲಿ ಉಸಿರನ್ನೆಲ್ಲ ಸುರಿದುಬಿಟ್ಟರೆ ತಿರುಗುವ ಮುನ್ನ ದೊಡ್ಡದಾಗಿ ಉಸಿರೆಳೆದುಕೊಳ್ಳಬೇಕಾಗುತ್ತದೆ. ಆಗ ಎದೆ ಉಬ್ಬುತ್ತದೆ, ಸೊಂಟ ಮೇಲೇಳುತ್ತದೆ, ಎಡಪಾದ ನೆಲೆ ತಪ್ಪಿ ನಿಲುವು ಇಕ್ಕಟ್ಟಾಗುತ್ತದೆ. ಎದುರು ನಿಂತ ಸೆನ್ಸೇಗೆ ನಿನ್ನ ತಲೆ ಒಮ್ಮೆ ಮೇಲೆದ್ದು ಇಳಿದದ್ದು ಕಾಣದೇ ಇರುವುದಿಲ್ಲ. ಹಾಗಾಗಿ ಕೂಗುವಾಗ ಸ್ವಲ್ಪ ಉಸಿರನ್ನು ಹೊಟ್ಟೆಯಲ್ಲೇ ಉಳಿಸಿಕೊ. ಮನೆಯಲ್ಲಿ 7ರಿಂದ 10ರವರೆಗಿನ ನಾಲ್ಕೇ ಚಲನೆ ಮಾಡುತ್ತ ಫೋನಿನಲ್ಲಿ ಪಕ್ಕದಿಂದ ಚಿತ್ರೀಕರಿಸಿಕೊಂಡು ತಲೆಯ ಎತ್ತರ ನೋಡು. ಅಪಾರ್ಟ್‌ಮೆಂಟಿನ ತೆಳು ಗೋಡೆಗಳಾದ್ದರಿಂದ ಅಲ್ಲಿ ಸದ್ದಿಲ್ಲದೆ ಉಸಿರನ್ನಷ್ಟೇ ಬಿಡು.

ಇನ್ನೊಂದು ಮಾತು. ತಿಂಗಳ ಫೀಸನ್ನು ನಗದಾಗಿ ಕೊಡುವುದಾದರೆ ನೋಟುಗಳನ್ನು ಬರಿಗೈಯಲ್ಲಿ ಚಾಚಬೇಡ; ಕವರಿನಲ್ಲಿಟ್ಟು, ಮೇಲೆ ಹೆಸರು ಬರೆದು, ಎರಡೂ ಕೈಯಲ್ಲಿ ಹಿಡಿದು ಕೊಡು.

ಇತಿ,
ನಿನ್ನ ಮಾವ