ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ನೋಡಿಕೊಳ್ಳುವ ಬಗೆ

ಚಿರಂಜೀವಿ ಚಂದ್ರುಗೆ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮಪ್ಪನ ಜೊತೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ನಿಮ್ಮವ್ವ ಐದಾರು ದಿನ ಇರಬೇಕಾಗುತ್ತೆ ಅಂದೆಯಲ್ಲ. ಜೊತೆಗಿರೋರು ಹಸಿದು ಬೀಳೋದು ದುಡ್ಡಿಲ್ಲದ್ದಕ್ಕಿಂತ ಹೊತ್ತು ತಪ್ಪೋದರಿಂದ. ಹಾಗಾಗಿ ಮೊದಲು ಗಡಿಯಾರ ನೋಡು, ಆಮೇಲೆ ಜೇಬು.

ಹತ್ತಿರದ ಇಂದಿರಾ ಕ್ಯಾಂಟೀನ್ ಎಲ್ಲಿದೆ, ಯಾವಾಗ ಬಾಗಿಲು ತೆಗೆಯುತ್ತೆ ಅಂತ ಮೊದಲ ದಿನವೇ ವಾರ್ಡಿನವರನ್ನ ಕೇಳು. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಆದರೆ ಒಂದು ಹೊತ್ತಿಗೆ ಇಷ್ಟೇ ತಟ್ಟೆ ಅಂತ ಲೆಕ್ಕ ಇರುತ್ತೆ. ಸಾಲಿನ ಕೊನೆಯವರಿಗೆ ಟೋಕನ್ ಸಿಗಲ್ಲ. ಬೆಳಿಗ್ಗೆ ಡಾಕ್ಟ್ರು ರೌಂಡ್ಸ್ ಬಂದಾಗ ಅವ್ವ ಹಾಸಿಗೆ ಹತ್ತಿರ ಇರಲೇಬೇಕು. ಔಷಧಿ ಚೀಟಿ ಕೈಗೆ ಬರೋದು ಆಗಲೇ. ಅದಕ್ಕೇ ಬಾಗಿಲು ತೆಗೆದ ಕೂಡಲೇ ತಿಂಡಿ ಮುಗಿಸಲಿ. ‘ರೌಂಡ್ಸ್ ಆಗಲಿ, ಆಮೇಲೆ ತಿನ್ನೋಣ’ ಅಂದರೆ ತಿಂಡಿ ಖಾಲಿಯಾಗಿರುತ್ತೆ. ಹೊರಗಿನ ಗಾಡಿಯಲ್ಲಿ ಅದೇ ರೈಸ್‌ಬಾತಿಗೆ ಎಷ್ಟೋ ಪಟ್ಟು ಕೊಡಬೇಕು. ಊಟಕ್ಕೆ ಹೋಗುವಾಗ ಪಕ್ಕದ ಬೆಡ್ಡಿನ ಜೊತೆಗಾರ್ತಿಗೆ ಹೇಳಿ ಹೋಗಲಿ, ಅವಳು ಹೋದಾಗ ಇವಳು ನೋಡಿಕೊಳ್ಳಲಿ.

ದಿನಕ್ಕೆ ನೂರು ರೂಪಾಯಿ ಇಟ್ಟುಕೋ. ಮೂರು ಹೊತ್ತಿಗೆ 25, ಎರಡು ಟೀಗೆ 24, ಬಾಳೆಹಣ್ಣು, ಒಂದು ಬೇಯಿಸಿದ ಮೊಟ್ಟೆಗೆ 25 ಹಿಡಿದರೂ 74 ಆಗುತ್ತೆ. ಮಿಕ್ಕ 26ನ್ನ ಎತ್ತಿಟ್ಟುಕೊಂಡರೆ ಟೋಕನ್ ತಪ್ಪಿದ ದಿನ ಹೋಟೆಲ್ಲಿನ ಊಟಕ್ಕೆ ಆಗುತ್ತೆ. ಟೀ ಎರಡಕ್ಕೆ ನಿಲ್ಲಿಸಲಿ. ಹಸಿವಾದಾಗೆಲ್ಲ ಟೀ ಕುಡಿದರೆ ದುಡ್ಡೂ ಹೋಗುತ್ತೆ, ಎದೆಯುರಿಯೂ ಶುರುವಾಗುತ್ತೆ.

ಬಾಳೆಹಣ್ಣನ್ನ ಬಿಡಿಬಿಡಿಯಾಗಿ ಗಾಡಿಯಲ್ಲಿ ಕೊಳ್ಳಬೇಡ. ದೇವರಾಜ ಮಾರ್ಕೆಟ್ ನಡೆದು ಹೋಗುವಷ್ಟೇ ದೂರ, ಅಲ್ಲಿ ಅರ್ಧ ಕೆ.ಜಿ. ಏಲಕ್ಕಿ ತಗೋ. ತೊಟ್ಟಿನ ಹತ್ತಿರ ಇನ್ನೂ ಹಸಿರಿರಬೇಕು. ಪೂರ್ತಿ ಹಳದಿಯಾಗಿದ್ದರೆ ವಾರ್ಡಿನ ಸೆಖೆಗೆ ಮಾರನೇ ದಿನವೇ ಕಪ್ಪಾಗುತ್ತೆ. ರಸಬಾಳೆ ಆಸೆ ಈಗ ಬೇಡ.

ರಾತ್ರಿ ಊಟ ತಪ್ಪೋದು ಹೆಚ್ಚು, ಅಪ್ಪನ ಡ್ರಿಪ್ ಬಿಟ್ಟು ಏಳೋಕಾಗಲ್ಲ. ಅದಕ್ಕೆ ಊರಿಂದ ಅರ್ಧ ಕೆ.ಜಿ. ರಾಗಿ ಹುರಿಹಿಟ್ಟು, ಒಂದು ಅಚ್ಚು ಬೆಲ್ಲ ಕಳಿಸು. ಲೋಟಕ್ಕೆ ಮೂರು ದೊಡ್ಡ ಚಮಚ ಹಿಟ್ಟು ಹಾಕಿ, ಪುಡಿ ಮಾಡಿದ ಬೆಲ್ಲ ಬೆರೆಸಿ, ಟೀ ಅಂಗಡಿಯ ಬಿಸಿ ಹಾಲನ್ನ ಸ್ವಲ್ಪ ಸ್ವಲ್ಪವಾಗಿ ಹುಯ್ದು ಕಲಸಬೇಕು. ಒಂದೇ ಸಲ ಹುಯ್ದರೆ ಗಂಟಾಗುತ್ತೆ. ಮೇಲೆ ಒಂದು ಬಾಳೆಹಣ್ಣು ಕಿವುಚಿಕೊಂಡರೆ ರಾತ್ರಿ ಕಳೆಯುತ್ತೆ. ಡಬ್ಬಿಗೆ ಒದ್ದೆ ಚಮಚ ಹಾಕಬೇಡ ಅಂತ ಹೇಳು, ಮುಗ್ಗಲು ಹಿಡಿಯುತ್ತೆ.

ಸಂಜೆ ಗಾಡಿಯಲ್ಲಿ ಇಡ್ಲಿ ತಿಂದರೂ ಕಾಯಿಚಟ್ನಿ ಬೇಡ, ಸಾಂಬಾರ್ ಹಬೆಯಾಡುತ್ತಿದ್ದರೆ ಮಾತ್ರ ಹಾಕಿಸಿಕೊಳ್ಳಲಿ. ಬೆಳಿಗ್ಗೆ ರುಬ್ಬಿದ ಚಟ್ನಿ ಬಿಸಿಲಿಗೆ ಹುಳಿ ಬಂದಿರುತ್ತೆ. ಮೂಗಿನ ಹತ್ತಿರ ತಂದರೆ ಗೊತ್ತಾಗುತ್ತೆ. ಹೆಚ್ಚಿಟ್ಟ ಹಣ್ಣೂ ಬೇಡ. ಅವಳಿಗೆ ಭೇದಿ ಶುರುವಾದರೆ ಅಪ್ಪನ ಹತ್ತಿರ ಇರೋರು ಯಾರು?

ಆಸ್ಪತ್ರೆಯಿಂದ ಅಪ್ಪನಿಗೆ ಬರೋ ಊಟ ಅಪ್ಪನಿಗೇ ಇರಲಿ. ಹೊರಗಿನದನ್ನ ಅವನಿಗೆ ತಿನ್ನಿಸೋದಿದ್ದರೆ ಮೊದಲು ನರ್ಸಮ್ಮನ್ನ ಕೇಳಲಿ. ಸ್ಟೀಲ್ ಡಬ್ಬಿ, ಲೋಟ, ಚಮಚ, ಎರಡು ಲೀಟರ್ ನೀರಿನ ಬಾಟಲಿ ಬ್ಯಾಗಿಗೆ ಹಾಕು. ಹತ್ತರ, ಐದರ ಚಿಲ್ಲರೆಯನ್ನೂ ಕೊಟ್ಟಿರು, ಐನೂರರ ನೋಟು ಕ್ಯಾಂಟೀನಲ್ಲಿ ನಡೆಯಲ್ಲ.

ಇಂತಿ,
ನಿನ್ನ ದೊಡ್ಡಪ್ಪ