ನೋಟಿಸ್ ಪೀರಿಯಡ್‌ನಲ್ಲಿರುವ ಗೆಳೆಯನಿಗೊಂದು ಪತ್ರ

ಗೆಳೆಯಾ,

ನೀನು ಕಳಿಸಿದ ಹ್ಯಾಂಡೋವರ್ ಕಡತ ನಿನ್ನೆ ರಾತ್ರಿ ಪೂರ್ತಿ ಓದಿದೆ. ಹದಿನಾಲ್ಕು ಪುಟ. ಇದನ್ನು ಇಲ್ಲಿ ಎಲ್ಲರೆದುರು ಬರೆಯುತ್ತಿರುವುದಕ್ಕೆ ಕಾರಣ ಇದೆ. ಪೀಣ್ಯದ ಶೆಡ್ಡುಗಳಲ್ಲಿ, ಒಬ್ಬರೇ ಅಕೌಂಟೆಂಟ್ ಇರುವ ಕಂಪನಿಗಳಲ್ಲಿ ಈ ತಿಂಗಳು ನಿನ್ನಂತೆ ರಾಜೀನಾಮೆ ಕೊಟ್ಟು ಕೂತವರು ಇನ್ನೂ ಕೆಲವರು ಇದ್ದೇ ಇರುತ್ತಾರೆ. ಅವರಿಗೂ ಸಿಗಲಿ.

ಹದಿನಾಲ್ಕರಲ್ಲಿ ಒಂಬತ್ತು ಪುಟ ತೆಗೆದುಹಾಕು. ಟ್ಯಾಲಿಯಲ್ಲಿ ಪರ್ಚೇಸ್ ಓಚರ್ ಹಾಕುವುದು ಹೇಗೆ, ಜಿಎಸ್‌ಟಿಆರ್-1 ಅಪ್‌ಲೋಡ್ ಮಾಡುವುದು ಹೇಗೆ ಎಂದು ಸ್ಕ್ರೀನ್‌ಶಾಟ್ ಸಮೇತ ಬರೆದಿದ್ದೀಯ. ನಿನ್ನ ಜಾಗಕ್ಕೆ ಬರುವ ಹುಡುಗಿ ಬಿಕಾಂ ಮುಗಿಸಿ ಮೂರು ವರ್ಷ ಬೇರೆ ಕಡೆ ಇದೇ ಕೆಲಸ ಮಾಡಿದವಳು ಎಂದು ನೀನೇ ಹೇಳಿದೆ. ಅವಳಿಗೆ ಅದೆಲ್ಲ ಬರುತ್ತದೆ. ಅವಳಿಗೆ ತಿಳಿಯದ್ದು ನಿನ್ನ ಕಂಪನಿಯಲ್ಲಿ ಮಾತ್ರ ಇರುವ ಸಂಗತಿ, ಅದಕ್ಕೆ ನಿನ್ನ ಕಡತದಲ್ಲಿ ಸಿಕ್ಕಿರುವುದು ಒಂದೂವರೆ ಪುಟ. ನೀನು ಹೋದ ಮೇಲೆ ಬರುವ ಮೊದಲ 19ನೇ ತಾರೀಖಿನ ರಾತ್ರಿ, ಜಿಎಸ್‌ಟಿಯ ತಿಂಗಳ ರಿಟರ್ನ್ 3ಬಿ ಹಾಕಲು ಒಂದೇ ದಿನ ಉಳಿದಿರುವಾಗ, ಅವಳು ಒಬ್ಬಳೇ ಕೂತು ಈ ಕಡತ ತೆರೆಯುತ್ತಾಳೆ ಅಂದುಕೊಂಡು ಬರೆ.

ಮೊದಲು ನಿನ್ನ ಫೋನಿನ ವಿಷಯ. ಕಡತದಲ್ಲಿ ಎಲ್ಲ ಪೋರ್ಟಲ್‌ಗಳ ಹೆಸರಿದೆ, ಒಟಿಪಿ ಯಾರ ಫೋನಿಗೆ ಬರುತ್ತದೆ ಎನ್ನುವುದು ಒಂದು ಕಡೆಯೂ ಇಲ್ಲ. ಸಣ್ಣ ಕಂಪನಿಗಳಲ್ಲಿ ಸಹಿ ಡೈರೆಕ್ಟರದ್ದು, ಮೊಬೈಲ್ ನಂಬರ್ ಅಕೌಂಟೆಂಟದ್ದು. ರಿಜಿಸ್ಟ್ರೇಶನ್ ದಿನ ಸರ್ ಮೀಟಿಂಗಿನಲ್ಲಿದ್ದರು, ಕೈಗೆ ಸಿಕ್ಕ ನಂಬರ್ ಹಾಕಿದ್ದಾಯಿತು, ಹಾಗೇ ಉಳಿಯಿತು. ನಿನ್ನ ಫೋನಿನ ಮೆಸೇಜ್ ತೆರೆದು `OTP` ಎಂದು ಹುಡುಕು. ಕಳೆದ ಮೂರು ತಿಂಗಳಲ್ಲಿ ಯಾವ ಯಾವ ಪೋರ್ಟಲ್, ಯಾವ ಬ್ಯಾಂಕ್ ಕಳಿಸಿದೆಯೋ ಅದೇ ನಿನ್ನ ನಿಜವಾದ ಪಟ್ಟಿ. ನೆನಪಿನಿಂದ ಮಾಡಿದ ಪಟ್ಟಿಯಲ್ಲಿ ಒಂದೆರಡು ಬಿಟ್ಟೇ ಹೋಗಿರುತ್ತವೆ.

ಜಿಎಸ್‌ಟಿಯದ್ದು ಸುಲಭ. ಪೋರ್ಟಲ್‌ನಲ್ಲಿ `Services > Registration > Amendment of Registration Non-Core Fields` ತೆರೆದು `Authorized Signatory` ಟ್ಯಾಬಿನಲ್ಲಿ ಮೊಬೈಲ್, ಇಮೇಲ್ ಬದಲಿಸಬಹುದು. ಒಟಿಪಿ ಹೊಸ ನಂಬರಿಗೇ ಬರುತ್ತದೆ, ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ. ಕಂಪನಿಯಾದ್ದರಿಂದ ಕೊನೆಗೆ ಡೈರೆಕ್ಟರ್‌ರ ಡಿಜಿಟಲ್ ಸಹಿ ಇರುವ ಡಿಎಸ್‌ಸಿ ಟೋಕನ್ ಹಾಕಿಯೇ ಸಲ್ಲಿಸಬೇಕು, ಹಾಗಾಗಿ ಡೈರೆಕ್ಟರ್ ಊರಲ್ಲಿರುವ ದಿನ ಇಟ್ಟುಕೊ. ನಿನ್ನ ನಂಬರ್ ತೆಗೆದು ಆ ಹುಡುಗಿಯ ನಂಬರ್ ಹಾಕಬೇಡ, ಅವಳು ಬಿಡುವ ದಿನ ಇದೇ ಕಥೆ ಮತ್ತೆ ಶುರುವಾಗುತ್ತದೆ. ಕಂಪನಿ ಹೆಸರಿನಲ್ಲಿ ಒಂದು ಸಿಮ್ ತೆಗೆಸಿ, ಆಫೀಸಿನ ಹಳೇ ಫೋನಿಗೆ ಹಾಕಿ, ಅದು ಯಾವ ಡ್ರಾಯರಿನಲ್ಲಿರುತ್ತದೆ, ರೀಚಾರ್ಜ್ ಯಾವತ್ತು ಮುಗಿಯುತ್ತದೆ ಎನ್ನುವುದನ್ನು ಕಡತದಲ್ಲಿ ಬರೆ. ರೀಚಾರ್ಜ್ ತಾರೀಖು ಬರೆಯದಿದ್ದರೆ ಆ ಸಿಮ್ ಸತ್ತೇ ಹೋಗುತ್ತದೆ.

ಇ-ವೇ ಬಿಲ್ ಮರೆಯಬೇಡ. 2025ರ ಏಪ್ರಿಲ್‌ನಿಂದ ಎಲ್ಲರಿಗೂ ಅಲ್ಲಿ ಲಾಗಿನ್‌ಗೆ ಒಟಿಪಿ ಕಡ್ಡಾಯ. ನಿನ್ನ ಫೋನ್ ಸಿಗದಿದ್ದರೆ ಸಂಜೆ ಆರಕ್ಕೆ ಮಾಲು ತುಂಬಿದ ಲಾರಿ ಗೇಟಿನಲ್ಲಿ ನಿಲ್ಲುತ್ತದೆ, ಡ್ರೈವರ್ ಸ್ಟೋರ್ಸ್‌ನವರ ಮೇಲೆ ಕೂಗಾಡುತ್ತಾನೆ, ಅವರು ನಿನಗೆ ಫೋನ್ ಹಚ್ಚುತ್ತಾರೆ. `User Management`ನಲ್ಲಿ ಅವಳಿಗೂ ಡಿಸ್ಪ್ಯಾಚ್ ನೋಡಿಕೊಳ್ಳುವವರಿಗೂ ಬೇರೆ ಬೇರೆ ಸಬ್ ಯೂಸರ್ ಮಾಡಿಕೊಡು. ಅವರವರ ಒಟಿಪಿ ಅವರವರಿಗೇ ಬರುತ್ತದೆ.

ಬ್ಯಾಂಕ್ ಮತ್ತು ಪಿಎಫ್ ನಿಧಾನದ ಕೆಲಸ, ಅದಕ್ಕೇ ಇವೆರಡನ್ನು ಮೊದಲ ವಾರವೇ ಶುರು ಮಾಡು. ಬ್ಯಾಂಕಿನಲ್ಲಿ ಪೇಮೆಂಟ್ ಎಂಟ್ರಿ ಹಾಕುವವನು ನೀನು, ಒಪ್ಪಿಗೆ ಕೊಡುವವರು ಡೈರೆಕ್ಟರ್. ನಿನ್ನ ಜಾಗಕ್ಕೆ ಹೊಸ ಯೂಸರ್ ಬೇಕೆಂದರೆ ಅರ್ಜಿ, ಸಹಿ, ಕೆಲವು ಬ್ಯಾಂಕುಗಳಲ್ಲಿ ಬೋರ್ಡ್ ರೆಸಲ್ಯೂಶನ್ ಕೂಡ ಕೇಳುತ್ತಾರೆ. ಪಿಎಫ್‌ನಲ್ಲಿ ಸಹಿ ಮಾಡುವವರು ಬದಲಾದರೆ ಹೊಸ ಡಿಎಸ್‌ಸಿ ನೋಂದಾಯಿಸಿ, ಪೋರ್ಟಲ್ ಕೊಡುವ ಪತ್ರವನ್ನು ಸಹಿ ಮಾಡಿ ಪಿಎಫ್ ಕಚೇರಿಗೆ ಕೊಟ್ಟು, ಅವರು ಒಪ್ಪುವವರೆಗೆ ಕಾಯಬೇಕು. ಕೊನೆಯ ವಾರಕ್ಕೆ ಬಿಟ್ಟರೆ ಆಗುವುದಿಲ್ಲ.

ಪಾಸ್‌ವರ್ಡ್‌ಗಳನ್ನು ಮೂರನೇ ಪುಟದಲ್ಲಿ ಟೇಬಲ್ ಮಾಡಿ ಹಾಕಿದ್ದೀಯಲ್ಲ, ಅದನ್ನು ಇವತ್ತೇ ತೆಗೆ. ಆ ಕಡತ ಇಮೇಲ್‌ನಲ್ಲಿ ಹತ್ತು ಜನರ ಕೈ ದಾಟುತ್ತದೆ.

ಈಗ ದಿನಾಂಕಗಳು. 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್ಐ, 20ಕ್ಕೆ 3ಬಿ ಮತ್ತು ಪ್ರೊಫೆಶನಲ್ ಟ್ಯಾಕ್ಸ್ ಎಂದು ಬರೆದಿದ್ದೀಯ, ಸರಿಯಾಗಿದೆ. ಆದರೆ ಇವು ಕೊನೆಯ ದಿನಾಂಕಗಳು. ಕೆಲಸ ಯಾವತ್ತು ಶುರುವಾಗಬೇಕು, ತಪ್ಪಿದರೆ ಏನಾಗುತ್ತದೆ ಎನ್ನುವುದನ್ನೂ ಪಕ್ಕದಲ್ಲೇ ಬರೆ. ಟಿಡಿಎಸ್ ನೋಡು. ಜೂನ್ 30ಕ್ಕೆ ಎರಡು ಲಕ್ಷದ ಪ್ರೊಫೆಶನಲ್ ಫೀಸ್ ಬಿಲ್ಲಿನಲ್ಲಿ ಶೇಕಡಾ 10ರಂತೆ 20,000 ಕಡಿತ ಮಾಡಿದೆ ಅನ್ನು. ಜುಲೈ 7ರ ಬದಲು 8ಕ್ಕೆ ಕಟ್ಟಿದರೆ ಒಂದು ದಿನ ತಡ. ಬಡ್ಡಿ ಮಾತ್ರ ಕಡಿತ ಮಾಡಿದ ದಿನದಿಂದ, ತಿಂಗಳಿಗೆ ಶೇಕಡಾ ಒಂದೂವರೆ, ತಿಂಗಳ ತುಂಡೂ ಪೂರ್ತಿ ತಿಂಗಳು. ಜೂನ್ ಒಂದು, ಜುಲೈ ಒಂದು, ಒಟ್ಟು ಶೇಕಡಾ 3, ಅಂದರೆ 600 ರೂಪಾಯಿ. ಮೊತ್ತ ಸಣ್ಣದು, ಆದರೆ ನೋಟಿಸ್ ಬಂದಾಗ ಒಂದು ದಿನಕ್ಕೆ ಎರಡು ತಿಂಗಳ ಬಡ್ಡಿ ಯಾಕೆ ಎಂದು ಅವಳನ್ನು ಕೇಳುತ್ತಾರೆ. ನೀನು 5ನೇ ತಾರೀಖಿಗೇ ಕಟ್ಟುವುದು ಡೈರೆಕ್ಟರ್ ಒಪ್ಪಿಗೆ ಕೊಡಲು ಎರಡು ದಿನ ಎಳೆಯುತ್ತಾರೆ ಎಂದು ತಾನೆ? ಆ ಕಾರಣ ಬರೆಯದೆ ಬರೀ 5 ಎಂದಿದ್ದರೆ ಅವಳು ಅದನ್ನು 7 ಮಾಡಿಬಿಡುತ್ತಾಳೆ.

ಇನ್ನು ಇಡೀ ಕಡತದಲ್ಲಿ ಅತಿ ಮುಖ್ಯವಾದ ಭಾಗ, ನೀನು ಬರೆದೇ ಇಲ್ಲದ್ದು. ಬಾಕಿ ಉಳಿದ ಲೆಕ್ಕಗಳು.

ನಿನ್ನ ಟ್ರಯಲ್ ಬ್ಯಾಲೆನ್ಸ್ ತೆಗೆದು, ಮೂರು ತಿಂಗಳಿಂದ ಅಲುಗಾಡದ ಪ್ರತಿ ಬಾಕಿಯನ್ನೂ ಗುರುತು ಹಾಕು. ಒಂದೊಂದಕ್ಕೂ ನಾಲ್ಕು ಸಾಲು ಬೇಕು: ಇದು ಹೇಗೆ ಬಂತು, ಯಾಕೆ ನಿಂತಿದೆ, ಯಾವಾಗ ಮುಗಿಯುತ್ತದೆ, ಏನು ಮಾಡಬಾರದು. ಆ ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ. ನೀನು ಫೋನಿನಲ್ಲಿ ಹೇಳಿದ ಆ ಶೀಟ್ ಮೆಟಲ್ ವೆಂಡರ್ ಬಿಲ್ಲನ್ನೇ ತಗೋ. ಬೆಲೆ 2,40,000, ಶೇಕಡಾ 18ರ ಜಿಎಸ್‌ಟಿ 43,200. ಅವರು ತಮ್ಮ ರಿಟರ್ನ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ತಪ್ಪು ಹಾಕಿದರು. ಹಾಗಾಗಿ ವೆಂಡರ್‌ಗಳು ತೋರಿಸಿದ ಬಿಲ್ಲುಗಳ ಪಟ್ಟಿಯಾಗಿ ಪೋರ್ಟಲ್‌ನಲ್ಲಿ 14ಕ್ಕೆ ಬರುವ 2ಬಿಯಲ್ಲಿ ಆ ಬಿಲ್ ಕಾಣಲಿಲ್ಲ. 2ಬಿಯಲ್ಲಿ ಇಲ್ಲದ ಬಿಲ್ಲಿಗೆ ಇನ್‌ಪುಟ್ ತಗೊಳ್ಳುವಂತಿಲ್ಲ, ಅಂದರೆ ಅದರ ತೆರಿಗೆಯನ್ನು ಕಂಪನಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವಂತಿಲ್ಲ. ನೀನು ಬೆಲೆ ಕೊಟ್ಟು ತೆರಿಗೆಯ 43,200 ಹಿಡಿದಿಟ್ಟುಕೊಂಡೆ. ಸರಿಯಾದ ಕೆಲಸವೇ.

ಆದರೆ ಲೆಡ್ಜರಿನಲ್ಲಿ ಅವಳಿಗೆ ಕಾಣುವುದು ವೆಂಡರಿಗೆ 43,200 ಕೊಡಬೇಕು, ಐದು ತಿಂಗಳಾಯಿತು ಎನ್ನುವುದಷ್ಟೇ. ವೆಂಡರ್ ಫೋನ್ ಮಾಡುತ್ತಾನೆ, 'ಮೇಡಂ, ಹಳೇ ಬಾಕಿ ಇದೆ, ಹಿಂದಿನ ಸರ್ ಮರೆತಿದ್ದರು' ಅನ್ನುತ್ತಾನೆ. ಹೊಸ ಜಾಗ, ಒಳ್ಳೆಯ ಹೆಸರು ಬೇಕು, ಅವಳು ಕೊಟ್ಟುಬಿಡುತ್ತಾಳೆ. ಹಣ ಕೈಸೇರಿದ ಮೇಲೆ ಅವನು ತಿದ್ದುಪಡಿ ಮಾಡುವುದು ಕನಸಿನ ಮಾತು. ಆ ಇನ್‌ಪುಟ್ ತಗೊಳ್ಳಲು ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30ರವರೆಗೆ ಸಮಯ. ವಾರ್ಷಿಕ ರಿಟರ್ನ್ ಅದಕ್ಕೂ ಮುಂಚೆ ಹಾಕಿದರೆ ಅಲ್ಲಿಗೇ ಮುಗಿಯಿತು. ಕಂಪನಿಗೆ 43,200 ಖಾಯಂ ನಷ್ಟ, ಯಾರ ತಪ್ಪೆಂದು ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ತಡೆಯಲು ಬೇಕಾದ ಬರಹ ಇಷ್ಟೇ:

'ಶೀಟ್ ಮೆಟಲ್ ವೆಂಡರ್, ಬಾಕಿ 43,200. ಇದು ತೆರಿಗೆ ಭಾಗ ಮಾತ್ರ, ಬೆಲೆ ಕೊಟ್ಟಾಗಿದೆ. ಅವರ ರಿಟರ್ನ್‌ನಲ್ಲಿ ನಮ್ಮ ಜಿಎಸ್‌ಟಿ ನಂಬರ್ ತಪ್ಪಾಗಿದೆ, ತಿದ್ದುಪಡಿ ಮಾಡಬೇಕು. ಪ್ರತಿ 14ರಂದು 2ಬಿಯಲ್ಲಿ ಈ ಬಿಲ್ ನಂಬರ್ ಹುಡುಕಿ. ಕಾಣಿಸುವ ತನಕ ಹಣ ಕೊಡಬೇಡಿ.'

ಇದನ್ನು ಕಡತದಲ್ಲಷ್ಟೇ ಬರೆಯದೆ ಟ್ಯಾಲಿಯಲ್ಲಿ ಆ ಓಚರಿನ ನರೇಶನ್‌ನಲ್ಲೂ ಹಾಕು. ಕಡತ ಕಳೆದುಹೋಗಬಹುದು, ಓಚರ್ ಎಲ್ಲಿಗೂ ಹೋಗುವುದಿಲ್ಲ.

ಯಾವುದರ ಹಣ ಎಂದು ಗೊತ್ತಾಗದ್ದನ್ನು ಹಾಕಿಡುವ ಸಸ್ಪೆನ್ಸ್ ಲೆಡ್ಜರಿನಲ್ಲಿ ನಿನ್ನದು 11,350 ಇದೆ, ಕಡತದಲ್ಲಿ ಅದರ ಹೆಸರೇ ಇಲ್ಲ. ಯಾಕೆ ಬಿಟ್ಟೆ ಎಂದು ನನಗೆ ಗೊತ್ತು, ಯಾಕೆಂದರೆ ನನ್ನ ಪುಸ್ತಕದಲ್ಲೂ ಅಂಥದ್ದೊಂದಿದೆ. ಎರಡು ವರ್ಷದಿಂದ ಇದೆ. ಪ್ರತಿ ಮಾರ್ಚ್‌ನಲ್ಲೂ ನೋಡುತ್ತೇನೆ, ಆಡಿಟರ್ ಕೇಳಲಿಲ್ಲ ಎಂದು ಮುಂದೆ ಹೋಗುತ್ತೇನೆ. ನಿನ್ನ ಕಡತ ಓದುವಾಗ ಅದೇ ಕಣ್ಣ ಮುಂದೆ ನಿಂತಿತ್ತು. ಬರೆದರೆ ತಪ್ಪು ನನ್ನದೆಂದು ಕಾಣುತ್ತದೆ, ಬರೆಯದಿದ್ದರೆ ಮುಂದಿನವರದ್ದಾಗುತ್ತದೆ. ಇನ್ನೊಂದು ಮಾತೂ ಇದೆ, ಇಷ್ಟು ಜನರ ಎದುರು ಹೇಳಬೇಕೆಂದಿರಲಿಲ್ಲ. ನಾನಿಲ್ಲದೆ ಇಲ್ಲಿ 3ಬಿ ಹೋಗುವುದಿಲ್ಲ ಎನ್ನುವುದು ಇಷ್ಟು ವರ್ಷ ನನಗೆ ಒಳಗೊಳಗೇ ಹಿತವಾಗಿತ್ತು. ಒಟಿಪಿ ನನ್ನ ಫೋನಿಗೇ ಬರಲಿ ಎಂದು ಬಿಟ್ಟುಕೊಂಡದ್ದರಲ್ಲಿ ಅದೂ ಸೇರಿತ್ತು.

ಸರಿ, ಸಾಕು, ಈ ಮಾತಿಗೆ ಕಾಫಿ ಬೇಕು, ಫೋನ್ ಪರದೆ ಸಾಲದು. ನಿನ್ನ ಕೆಲಸಕ್ಕೆ ಬರೋಣ.

ಮೂವತ್ತು ದಿನದ ನೋಟಿಸ್‌ನಲ್ಲಿ 7, 11, 15, 20 ಒಂದೊಂದು ಸಲ ಮಾತ್ರ ಬರುತ್ತವೆ. ಅವಳು ಬಂದಿದ್ದರೆ ಕೀಬೋರ್ಡ್ ಅವಳಿಗೇ ಕೊಡು, ನೀನು ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತಿರು. ಅವಳು ನಿನ್ನ ಕಡೆ ತಿರುಗಿ ಕೇಳಿದ ಪ್ರತಿ ಪ್ರಶ್ನೆಯೂ ಕಡತದಲ್ಲಿ ಬಿಟ್ಟುಹೋದ ಸಾಲು. ಬಾಯಲ್ಲಿ ಉತ್ತರಿಸುವ ಮೊದಲು ಬರೆದುಕೋ. ಅವಳು ಕೊನೆಯ ವಾರವೇ ಬರುವುದಾದರೆ, ಹೆಚ್ಚಿನ ಕಡೆ ಆಗುವುದು ಹಾಗೆಯೇ, ಕಳೆದ ತಿಂಗಳ ಮೂಲ ಕಾಗದಗಳನ್ನೂ ಬಾಕಿ ನಿಂತಿರುವ ಆ ವೆಂಡರ್ ಬಿಲ್ಲನ್ನೂ ಕೊಟ್ಟು 3ಬಿ ಲೆಕ್ಕ ಮೊದಲಿಂದ ಮಾಡಿಸು, ಸಲ್ಲಿಸುವುದು ಬೇಡ. ನೀನು ಈಗಾಗಲೇ ಸಲ್ಲಿಸಿದ ಅಂಕಿಯ ಪಕ್ಕ ಅದನ್ನು ಇಡು. ಅವಳ ಇನ್‌ಪುಟ್ ನಿನ್ನದಕ್ಕಿಂತ ಸರಿಯಾಗಿ 43,200 ಜಾಸ್ತಿ ಬಂದರೆ, ಆ ವೆಂಡರ್ ಸಾಲು ಅವಳು ಓದಿಲ್ಲ, ಇಲ್ಲವೇ ನೀನು ಕಣ್ಣಿಗೆ ಬೀಳುವ ಜಾಗದಲ್ಲಿ ಬರೆದಿಲ್ಲ.

ಕೊನೆಯ ದಿನ ಟೋಕನ್ನುಗಳನ್ನು ಡೈರೆಕ್ಟರ್ ಕೈಗೇ ಕೊಟ್ಟು, ಯಾವುದು ಯಾರದ್ದು, ಯಾವತ್ತು ಮುಗಿಯುತ್ತದೆ ಎಂದು ಬರೆದ ಹಾಳೆಗೆ ಸಹಿ ತಗೋ. ಪಾಸ್‌ವರ್ಡ್‌ಗಳನ್ನು ಅವಳು ನಿನ್ನೆದುರೇ ಬದಲಿಸಲಿ, ನೀನು ಗೋಡೆ ಕಡೆ ತಿರುಗಿರು. ಆಮೇಲೆ ನಿನ್ನ ಫೋನಿಗೆ ಒಂದೂ ಮೆಸೇಜ್ ಬರಬಾರದು.

ನಾಳೆ ಬೆಳಗ್ಗೆ ಮೊದಲು ಬ್ಯಾಂಕಿನ ಅರ್ಜಿ ತರಿಸು. ಭಾನುವಾರ ಮಲ್ಲೇಶ್ವರದಲ್ಲಿ ಸಿಗು, ಐದು ಪುಟದ ಹೊಸ ಪ್ರತಿ ತಗೊಂಡು ಬಾ. ನನ್ನ ಸಸ್ಪೆನ್ಸ್ ಲೆಡ್ಜರಿನ ಪ್ರಿಂಟೂ ತರುತ್ತೇನೆ, ಇಬ್ಬರೂ ಕೂತು ನೋಡೋಣ. ದೋಸೆ ನಿನ್ನ ಲೆಕ್ಕಕ್ಕೆ.

ನಿನ್ನವ